ಕಿಲೋ ಕೇಳದೆ ಖರ್ಚು ಕೇಳಿದರೆ

ಸೆಪ್ಟೆಂಬರ್ ತಿಂಗಳ ಲೆಕ್ಕ ನೋಡುವ ಸಭೆ ಅದು. ಇನ್ನೂರು ಹಾಸಿಗೆಗಳ ಒಂದು ಖಾಸಗಿ ಆಸ್ಪತ್ರೆ. ಅಲ್ಲಿನ ಕಾಸ್ಟ್ ಅಕೌಂಟ್ಸ್ ಆಗ ನನ್ನ ಪಾಲಿಗಿತ್ತು. ಮೇಜಿನ ಮೇಲಿನ ಹಾಳೆಯಲ್ಲಿ ಲಾಂಡ್ರಿ ವಿಭಾಗದ ಸಾಲಿಗೆ ಯಾರೋ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಬಜೆಟ್ 3,90,000 ರೂಪಾಯಿ, ಆದ ಖರ್ಚು 4,48,000. ಐವತ್ತೆಂಟು ಸಾವಿರ ಮೀರಿತ್ತು, ಹೆಚ್ಚುಕಡಿಮೆ ಶೇಕಡಾ 15. ಲಾಂಡ್ರಿ ಸೂಪರ್‌ವೈಸರನ್ನು ಒಳಗೆ ಕರೆಸಿದರು. ಇಪ್ಪತ್ತು ವರ್ಷ ಅದೇ ಹಬೆಯಲ್ಲಿ ಕೆಲಸ ಮಾಡಿದ ಮನುಷ್ಯ. ಆತ ಹೇಳಿದ್ದು ಎರಡೇ ಮಾತು: "ಸಾರ್, ವಾರ್ಡಿನಿಂದ ಬಟ್ಟೆ ಬಂತು, ಒಗೆದ್ವಿ. ಬಟ್ಟೆ ಬರದೇ ಇದ್ದಿದ್ರೆ ಖರ್ಚೂ ಆಗ್ತಿರಲಿಲ್ಲ."

ಸಭೆಗೆ ಅದು ಉದ್ಧಟತನದ ಉತ್ತರವಾಗಿ ಕೇಳಿಸಿತು. ಕಾರಣ ಕೇಳಿ ನೋಟಿಸ್ ಹೋಯಿತು. ಆದರೆ ಅಂದು ಆ ಕೋಣೆಯಲ್ಲಿ ಕಾಸ್ಟ್ ಅಕೌಂಟಿಂಗಿನ ಮಾತನ್ನು ಸರಿಯಾಗಿ ಆಡಿದವರು ಅವರೊಬ್ಬರೇ. ಹಾಳೆ ತಯಾರಿಸಿದ್ದ ನನಗೆ ಅದು ಹೊಳೆದದ್ದು ಮನೆಗೆ ಹೋದ ಮೇಲೆ. ಆ ತಿಂಗಳು ಎಷ್ಟು ಬಟ್ಟೆ ಒಗೆದರು ಎಂಬ ಸಂಖ್ಯೆಯೇ ಆ ಹಾಳೆಯಲ್ಲಿ ಇರಲಿಲ್ಲ.

ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತೇನೆ. ಓದಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಬಜೆಟ್ ಹುಟ್ಟಿದ್ದು ಮಾರ್ಚಿನಲ್ಲಿ. ವರ್ಷದ ಸರಾಸರಿ ತೆಗೆದರೆ ದಿನಕ್ಕೆ 125 ಹಾಸಿಗೆ ತುಂಬಿರುತ್ತವೆ, ಒಂದು ಹಾಸಿಗೆಯಿಂದ ದಿನಕ್ಕೆ 4 ಕಿಲೋ ಬಟ್ಟೆ ಒಗೆಯಲು ಬರುತ್ತದೆ, ಹಾಗಾದರೆ ತಿಂಗಳಿಗೆ 15,000 ಕಿಲೋ ಎಂದು ಅಂದಾಜು ಮಾಡಿದ್ದರು. ಬೆಡ್‌ಶೀಟು, ದಿಂಬಿನ ಕವರು, ರೋಗಿಗಳ ಗೌನು, ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ ಎಲ್ಲ ಸೇರಿ. ಆ 15,000 ಕಿಲೋಗೆ ಸೋಪು, ಬ್ಲೀಚು ಮುಂತಾದವುಗಳಿಗೆ 60,000, ಬಾಯ್ಲರಿನ ಇಂಧನಕ್ಕೆ 90,000, ಕರೆಂಟು, ನೀರಿಗೆ 40,000, ಸಂಬಳಕ್ಕೆ 1,60,000, ಯಂತ್ರಗಳ ಸವಕಳಿ ಮತ್ತು ನಿರ್ವಹಣೆಗೆ 40,000. ಒಟ್ಟು 3,90,000. ಈ ಅಂಕಿ ಹನ್ನೆರಡು ತಿಂಗಳೂ ಹಾಳೆಯ ಮೇಲೆ ಅಲುಗಾಡದೆ ಕೂತಿತ್ತು. ಇದನ್ನೇ ಸ್ಟ್ಯಾಟಿಕ್ ಬಜೆಟ್ ಎನ್ನುವುದು. ಒಂದೇ ಒಂದು ಪ್ರಮಾಣದ ಕೆಲಸವನ್ನು ಊಹಿಸಿ ಕಟ್ಟಿದ ಬಜೆಟ್.

ಸೆಪ್ಟೆಂಬರಿನಲ್ಲಿ ನಡೆದದ್ದೇ ಬೇರೆ. ಮಳೆ ನಿಂತು ನಿಂತು ಬರುವ ದಿನಗಳು, ಎಲ್ಲೆಡೆ ಡೆಂಗಿ. ಸುಮಾರು 167 ಹಾಸಿಗೆ ತುಂಬಿದವು. ಲಾಂಡ್ರಿಗೆ ಬಂದದ್ದು, ಒಗೆದು ವಾಪಸು ಹೋದದ್ದು 20,000 ಕಿಲೋ. ನಾವು 15,000 ಕಿಲೋ ಒಗೆಯಲು ಕೊಟ್ಟ ದುಡ್ಡನ್ನು 20,000 ಕಿಲೋ ಒಗೆದ ಖರ್ಚಿನ ಪಕ್ಕ ಇಟ್ಟು, ಕಳೆದು, ಬಂದ ಉತ್ತರಕ್ಕೆ ಒಬ್ಬ ಮನುಷ್ಯನ ಹೆಸರು ಬರೆದಿದ್ದೆವು.

ಕೇಳಬೇಕಾಗಿದ್ದ ಪ್ರಶ್ನೆ ಬೇರೆ: 20,000 ಕಿಲೋ ಒಗೆಯಲು ಎಷ್ಟು ಖರ್ಚಾಗಬೇಕಿತ್ತು? ತಿಂಗಳು ಮುಗಿದ ಮೇಲೆ, ನಿಜವಾಗಿ ನಡೆದ ಕೆಲಸದ ಪ್ರಮಾಣಕ್ಕೆ ಮತ್ತೆ ಕಟ್ಟಿದ ಬಜೆಟ್ಟೇ ಫ್ಲೆಕ್ಸಿಬಲ್ ಬಜೆಟ್. ಇದು ಹೊಸ ವಿಚಾರವಲ್ಲ. ಅಮೆರಿಕದಲ್ಲಿ ಜೇಮ್ಸ್ ಮೆಕಿನ್ಸೆ 'ಬಜೆಟರಿ ಕಂಟ್ರೋಲ್' ಪುಸ್ತಕ ಬರೆದದ್ದು 1922ರಲ್ಲಿ. ಆಮೇಲೆ ಮಹಾ ಆರ್ಥಿಕ ಕುಸಿತ ಬಂದು, ಕಾರ್ಖಾನೆಗಳ ಉತ್ಪಾದನೆ ನೆಲಕಚ್ಚಿ, ಮೊದಲೇ ಬರೆದಿಟ್ಟ ಬಜೆಟ್ಟುಗಳಿಗೆ ಅರ್ಥವೇ ಇಲ್ಲದಂತಾದ ಕಾಲದಲ್ಲಿ, 1934ರಲ್ಲಿ, ಜಾನ್ ಹೋವೆಲ್ ವಿಲಿಯಮ್ಸ್ ಅವರ 'ದಿ ಫ್ಲೆಕ್ಸಿಬಲ್ ಬಜೆಟ್' ಪ್ರಕಟವಾಯಿತು. ನಮ್ಮಲ್ಲಿ ಬಿ.ಕಾಂ. ವಿದ್ಯಾರ್ಥಿಗಳು ಇದರ ಲೆಕ್ಕಗಳನ್ನು ಪರೀಕ್ಷೆಯಲ್ಲಿ ಮಾಡುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಬಹಳ ಮಂದಿ ನನ್ನ ಹಾಗೆಯೇ ಮರೆತುಬಿಡುತ್ತಾರೆ.

ಬಜೆಟ್ಟನ್ನು ಹಿಗ್ಗಿಸಬೇಕಾದರೆ ಒಂದೊಂದು ಖರ್ಚೂ ಕೆಲಸ ಹೆಚ್ಚಾದಾಗ ಹೇಗೆ ನಡೆದುಕೊಳ್ಳುತ್ತದೆ ಎಂದು ಮೊದಲು ಗೊತ್ತಿರಬೇಕು. ಸೋಪಿನದು ಸುಲಭ. ಒಂದು ಕಿಲೋ ಬಟ್ಟೆಗೆ ಸೋಪು, ಬ್ಲೀಚು ಸೇರಿ 50 ಗ್ರಾಂ, ಕಿಲೋಗೆ 80 ರೂಪಾಯಿ ದರ. ಅಂದರೆ ಒಂದು ಕಿಲೋ ಬಟ್ಟೆಗೆ 4 ರೂಪಾಯಿ. ಬಟ್ಟೆ ಎಷ್ಟೋ ಸೋಪು ಅಷ್ಟು. ಸವಕಳಿ ಮತ್ತು ನಿರ್ವಹಣೆ ಇನ್ನೊಂದು ತುದಿ. ಬಟ್ಟೆ ಬರಲಿ ಬಿಡಲಿ, 40,000.

ಬಾಯ್ಲರು ಇವೆರಡರ ನಡುವಿನದು. ಬೆಳಗ್ಗೆ ತಣ್ಣಗಿರುವ ಬಾಯ್ಲರನ್ನು ಹಬೆ ಏಳುವ ಮಟ್ಟಕ್ಕೆ ತರಲು ಒಂದಷ್ಟು ಇಂಧನ ಬೇಕೇ ಬೇಕು, ಅಂದು ಒಗೆಯುವುದು ಇನ್ನೂರು ಕಿಲೋ ಆದರೂ ಎಂಟುನೂರು ಕಿಲೋ ಆದರೂ. ಆಮೇಲಿನದು ಬಟ್ಟೆಯ ಜೊತೆ ಏರುತ್ತದೆ. ಈ ಎರಡು ಪಾಲನ್ನು ಬೇರ್ಪಡಿಸಲು ನಾವು ಹಿಂದಿನ ವರ್ಷದ ಲೆಕ್ಕದಿಂದ ಎರಡು ತಿಂಗಳು ತೆಗೆದೆವು. 12,000 ಕಿಲೋ ಒಗೆದ ತಿಂಗಳು ಇಂಧನಕ್ಕೆ 75,000 ಹೋಗಿತ್ತು, 18,000 ಕಿಲೋ ಒಗೆದ ತಿಂಗಳು 1,05,000. ಆರು ಸಾವಿರ ಕಿಲೋ ಹೆಚ್ಚಾದುದಕ್ಕೆ ಮೂವತ್ತು ಸಾವಿರ ಹೆಚ್ಚಾಯಿತು, ಅಂದರೆ ಕಿಲೋಗೆ 5 ರೂಪಾಯಿ. 12,000 ಕಿಲೋಗೆ ಐದರಂತೆ 60,000 ಕಳೆದರೆ ಉಳಿಯುವ 15,000 ಬಾಯ್ಲರು ಹೊತ್ತಿಸುವ ಖರ್ಚು. ಲೆಕ್ಕ ಇಷ್ಟೇ, ಆದರೆ ತಿಂಗಳುಗಳನ್ನು ಆರಿಸುವುದರಲ್ಲಿ ಎಚ್ಚರ ಬೇಕು. ಬಾಯ್ಲರು ಕೆಟ್ಟು ಹೊರಗಡೆ ಒಗೆಸಿದ ತಿಂಗಳನ್ನೋ, ಇಂಧನದ ದರ ಬದಲಾದ ತಿಂಗಳನ್ನೋ ತೆಗೆದುಕೊಂಡರೆ ಉತ್ತರ ಅಡ್ಡದಾರಿ ಹಿಡಿಯುತ್ತದೆ. ಹನ್ನೆರಡು ತಿಂಗಳನ್ನೂ ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ನೋಡಿದರೆ ಸಾಲಿನಿಂದ ಹೊರಗೆ ಬಿದ್ದ ತಿಂಗಳು ತಾನೇ ಕಾಣುತ್ತದೆ. ಕರೆಂಟು, ನೀರನ್ನೂ ಹೀಗೇ ಒಡೆದಾಗ 10,000 ಕದಲದ ಪಾಲು, ಕಿಲೋಗೆ 2 ರೂಪಾಯಿ ಏರುವ ಪಾಲು ಸಿಕ್ಕಿತು.

ಸಂಬಳದ ಸ್ವಭಾವ ಇನ್ನೂ ಬೇರೆ. ಇರುವ ಜನ ತಿಂಗಳಿಗೆ 18,000 ಕಿಲೋವರೆಗೆ ಹೇಗೋ ನಿಭಾಯಿಸುತ್ತಾರೆ. ಅದರಾಚೆಗೆ ಸಂಜೆ ಪಾಳಿಗೆ ಒಬ್ಬ ಹಂಗಾಮಿ ಕೆಲಸಗಾರ ಬೇಕು, 16,000 ರೂಪಾಯಿ. ಈ ಖರ್ಚು ಇಳಿಜಾರಿನಂತೆ ಏರುವುದಿಲ್ಲ, ಮೆಟ್ಟಿಲಿನಂತೆ ಏರುತ್ತದೆ.

ಈಗ 20,000 ಕಿಲೋಗೆ ಕೂಡಿಸೋಣ. ಸೋಪು 80,000. ಇಂಧನ 1,15,000. ಕರೆಂಟು, ನೀರು 50,000. ಸಂಬಳ ಹಂಗಾಮಿಯವನನ್ನೂ ಸೇರಿಸಿ 1,76,000. ಸವಕಳಿ, ನಿರ್ವಹಣೆ ಅದೇ 40,000. ಒಟ್ಟು 4,61,000. ಆದ ಖರ್ಚು 4,48,000. ಕೆಂಪು ಸುತ್ತು ಹಾಕಿಸಿಕೊಂಡ ವಿಭಾಗ ನಿಜವಾಗಿ 13,000 ರೂಪಾಯಿ ಉಳಿಸಿತ್ತು.

ಮೊದಲಿನ ಐವತ್ತೆಂಟು ಸಾವಿರ ಸುಳ್ಳು ಸಂಖ್ಯೆಯೇನಲ್ಲ. ಅದರೊಳಗೆ ಎರಡು ಬೇರೆ ಬೇರೆ ಸಂಗತಿಗಳು ಒಂದಾಗಿ ಹೊಲಿದುಹೋಗಿದ್ದವು. 3,90,000ದಿಂದ 4,61,000ಕ್ಕೆ ಏರಿದ 71,000 ರೂಪಾಯಿ ಕೆಲಸ ಹೆಚ್ಚಾದುದರ ಪರಿಣಾಮ. ಹೆಚ್ಚು ರೋಗಿಗಳು ಬಂದದ್ದರಿಂದ ಆದದ್ದು, ಆಸ್ಪತ್ರೆಗೆ ಆ ರೋಗಿಗಳಿಂದ ಆದಾಯವೂ ಬಂದಿದೆ. ಅದಕ್ಕೆ ಲಾಂಡ್ರಿ ಉತ್ತರ ಕೊಡಬೇಕಾಗಿಲ್ಲ. 4,61,000ದಿಂದ 4,48,000ಕ್ಕೆ ಇಳಿದ 13,000 ಮಾತ್ರ ಲಾಂಡ್ರಿಯ ಕೈಯಲ್ಲಿದ್ದದ್ದು. ಸ್ಟ್ಯಾಟಿಕ್ ಬಜೆಟ್ಟಿನ ಪಕ್ಕ ಇಟ್ಟು ನೋಡುವವನಿಗೆ ಈ ಹೊಲಿಗೆ ಕಾಣುವುದೇ ಇಲ್ಲ.

ಹಳೆಯ ಹಾಳೆಗಳನ್ನೂ ಇದೇ ಲೆಕ್ಕಕ್ಕೆ ಹಾಕಿ ನೋಡಿದೆ. ಆ ವರ್ಷದ ಏಪ್ರಿಲ್ ಸಿಕ್ಕಿತು. ಹಾಸಿಗೆಗಳು ಖಾಲಿ ಇದ್ದ ತಿಂಗಳು, ಒಗೆದದ್ದು 11,000 ಕಿಲೋ. ಖರ್ಚು 3,58,000, ಬಜೆಟ್ಟಿಗಿಂತ 32,000 ಕಡಿಮೆ. ಆ ತಿಂಗಳ ಸಭೆಯಲ್ಲಿ ಲಾಂಡ್ರಿಯನ್ನು ಹೊಗಳಿದ್ದು ನನಗೇ ನೆನಪಿತ್ತು. 11,000 ಕಿಲೋಗೆ ಬಜೆಟ್ ಕಟ್ಟಿದರೆ ಬರುವುದು 3,46,000. ಹೊಗಳಿಸಿಕೊಂಡ ತಿಂಗಳಲ್ಲಿ ವಿಭಾಗ 12,000 ಹೆಚ್ಚು ಖರ್ಚು ಮಾಡಿತ್ತು. ಒಳ್ಳೆಯ ತಿಂಗಳಿಗೆ ನೋಟಿಸ್ ಕೊಟ್ಟಿದ್ದೆವು, ಸಡಿಲಾದ ತಿಂಗಳಿಗೆ ಶಭಾಷ್ ಎಂದಿದ್ದೆವು.

ಏಪ್ರಿಲಿನಲ್ಲಿ ಏನು ಸಡಿಲಾಗಿತ್ತು ಎಂದು ಹುಡುಕಿದ್ದು ಸೋಪಿನ ಸಾಲಿನಿಂದ. 11,000 ಕಿಲೋಗೆ 550 ಕಿಲೋ ಸೋಪು ಸಾಕು, 44,000 ರೂಪಾಯಿ. ಆಗಿದ್ದದ್ದು 50,000. ಮೊದಲು ನೋಡಬೇಕಾದದ್ದು ದರ. ದರ ಏರಿದ್ದರೆ ಅದು ಖರೀದಿ ವಿಭಾಗದ ಮಾತು, ಒಗೆಯುವವನದಲ್ಲ; ಬಜೆಟ್ಟನ್ನು ಹಿಗ್ಗಿಸಿದ ಮಾತ್ರಕ್ಕೆ ದರದ ವ್ಯತ್ಯಾಸ, ಬಳಕೆಯ ವ್ಯತ್ಯಾಸ ತಾವಾಗಿ ಬೇರೆಯಾಗುವುದಿಲ್ಲ, ಸ್ಟೋರಿನ ಚೀಟಿ ತೆಗೆದು ಬೇರೆ ಮಾಡಬೇಕು. ಚೀಟಿಯಲ್ಲಿ ದರ ಅದೇ 80 ರೂಪಾಯಿ. ಬಳಸಿದ್ದು 625 ಕಿಲೋ. ಎಪ್ಪತ್ತೈದು ಕಿಲೋ ಸೋಪು ಎಲ್ಲಿಗೆ ಹೋಯಿತು?

ಉತ್ತರ ಯಂತ್ರದ ಲಾಗ್‌ಬುಕ್ಕಿನಲ್ಲಿತ್ತು. ಸೋಪು ಬೀಳುವುದು ಕಿಲೋ ಲೆಕ್ಕದಲ್ಲಲ್ಲ, ಲೋಡಿನ ಲೆಕ್ಕದಲ್ಲಿ. ಒಂದು ಲೋಡಿಗೆ ಎರಡೂವರೆ ಕಿಲೋ. ಲೋಡಿಗೆ 50 ಕಿಲೋ ಬಟ್ಟೆ ತುಂಬಿದರೆ ಮಾತ್ರ ಕಿಲೋಗೆ 50 ಗ್ರಾಂ ಆಗುತ್ತದೆ. ಏಪ್ರಿಲಿನಲ್ಲಿ 220 ಲೋಡಿನಲ್ಲಿ ಮುಗಿಯಬೇಕಾದ ಬಟ್ಟೆಗೆ ಯಂತ್ರ 250 ಸಲ ತಿರುಗಿತ್ತು, ಲೋಡಿಗೆ 44 ಕಿಲೋ. ವಾರ್ಡುಗಳಿಂದ ಬಟ್ಟೆ ತರುವ ಹೊತ್ತು ಬದಲಾಗಿರಲಿಲ್ಲ. ಗಾಡಿ ಬಂದ ಕೂಡಲೇ ಯಂತ್ರ ತುಂಬಿದೆಯೋ ಇಲ್ಲವೋ ನೋಡದೆ ಗುಂಡಿ ಒತ್ತಿದ್ದರು. ಸೋಪಿನ ಜೊತೆ ಹಬೆ, ನೀರು, ಕರೆಂಟು ಕೂಡ ಹಾಗೇ ಪೋಲಾಗಿದ್ದವು. ಇಂಧನದಲ್ಲಿ ನಾಲ್ಕು ಸಾವಿರ, ಕರೆಂಟು ನೀರಿನಲ್ಲಿ ಎರಡು ಸಾವಿರ. ಸೋಪಿನ ಆರು ಸಾವಿರ ಸೇರಿದರೆ ಹನ್ನೆರಡು ಸಾವಿರ ಸರಿಹೋಯಿತು. ಸೆಪ್ಟೆಂಬರಿನಲ್ಲಿ ಬಟ್ಟೆಯ ರಾಶಿ ಇದ್ದದ್ದರಿಂದ ಯಂತ್ರ ತಾನಾಗಿ ತುಂಬಿತ್ತು: 390 ಲೋಡು, ಲೋಡಿಗೆ 51 ಕಿಲೋ ಮೇಲೆ. ಹಾಗಾಗಿ ಆ ಉಳಿತಾಯದ ಒಂದಿಷ್ಟು ಪಾಲು ರಾಶಿಯ ಕೊಡುಗೆಯೂ ಹೌದು. ಇದನ್ನೂ ಹೇಳದಿದ್ದರೆ ಸೂಪರ್‌ವೈಸರ್ ಪರವಾಗಿ ನಾನು ಮಾಡುವ ವಾದ ಪ್ರಾಮಾಣಿಕವಾಗುವುದಿಲ್ಲ. ಖಾಲಿ ತಿಂಗಳುಗಳಲ್ಲಿ ಎರಡು ಸಲದ ಬಟ್ಟೆಯನ್ನು ಒಂದಾಗಿ ಒಗೆಯುವಂತೆ ವೇಳೆ ಬದಲಿಸಿದರೆ ಸಾಕಿತ್ತು. ಆ ಸಲಹೆ ಬಂದದ್ದೂ ಸೂಪರ್‌ವೈಸರಿಂದಲೇ.

ಈ ವಿಧಾನ ಕೆಡುವ ಜಾಗಗಳಲ್ಲಿ ಎರಡನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮೊದಲನೆಯದು ಅವಸರದ ಹಿಗ್ಗಿಸುವಿಕೆ. 15,000 ಕಿಲೋಗೆ 3,90,000 ಅಂದರೆ ಕಿಲೋಗೆ 26 ರೂಪಾಯಿ, ಹಾಗಾಗಿ 20,000 ಕಿಲೋಗೆ 5,20,000 ಎಂದು ಒಂದೇ ಗುಣಾಕಾರದಲ್ಲಿ ಮುಗಿಸುವವರಿದ್ದಾರೆ. ಹಾಗೆ ಮಾಡಿದರೆ ಸವಕಳಿಯೂ ಸಂಬಳವೂ ಬಟ್ಟೆಯ ಜೊತೆ ಏರುತ್ತವೆ ಎಂದು ಒಪ್ಪಿಕೊಂಡಂತೆ. ಸೆಪ್ಟೆಂಬರಿನಲ್ಲಿ ವಿಭಾಗಕ್ಕೆ 59,000 ರೂಪಾಯಿ ಸುಮ್ಮನೆ ಸಡಿಲ ಸಿಗುತ್ತದೆ, ಯಾವ ಪೋಲೂ ಕಾಣುವುದಿಲ್ಲ. ಏಪ್ರಿಲಿಗೆ ಅದೇ 26 ಹಿಡಿದರೆ 2,86,000 ಬರುತ್ತದೆ; ಆ ದುಡ್ಡಿನಲ್ಲಿ 11,000 ಕಿಲೋ ಒಗೆಯಲು ಯಾರಿಂದಲೂ ಆಗದು, ಸಂಬಳ ಮತ್ತು ಸವಕಳಿಯೇ ಎರಡು ಲಕ್ಷ ನುಂಗುತ್ತವೆ. ನಿಮ್ಮ ಸಂಸ್ಥೆಯಲ್ಲಿ ಕೆಲಸ ಹೆಚ್ಚಿದ ತಿಂಗಳೆಲ್ಲ ಎಲ್ಲ ವಿಭಾಗಗಳೂ ಉಳಿಸಿದವು, ಕೆಲಸ ಇಳಿದ ತಿಂಗಳೆಲ್ಲ ಎಲ್ಲವೂ ಮೀರಿದವು ಎಂದು ವರದಿ ಬರುತ್ತಿದ್ದರೆ ಈ ತಪ್ಪನ್ನೇ ಮೊದಲು ಅನುಮಾನಿಸಿ.

ಎರಡನೆಯದು ಇದಕ್ಕಿಂತ ಸೂಕ್ಷ್ಮ, ಇದಕ್ಕಿಂತ ಹಾನಿಕರ. ಕೆಲಸದ ಪ್ರಮಾಣವನ್ನು ಎಲ್ಲಿ ನಿಂತು ಅಳೆಯುತ್ತೀರಿ? ನಾವು ಹಿಡಿದ 20,000 ಕಿಲೋ ಒಗೆದು ವಾರ್ಡಿಗೆ ಕೊಟ್ಟ ಶುಭ್ರ ಬಟ್ಟೆಯ ತೂಕ. ಅದರ ಬದಲು ಯಂತ್ರಕ್ಕೆ ಹಾಕಿದ ತೂಕ ಹಿಡಿದೆವು ಎಂದುಕೊಳ್ಳಿ. ರಕ್ತದ ಕಲೆ ಹೋಗದೆ, ಔಷಧಿಯ ಕಲೆ ಉಳಿದು, ಎರಡನೆಯ ಸಲ ಒಗೆದ ಬಟ್ಟೆಯೂ ಅದರಲ್ಲಿ ಸೇರಿಹೋಗುತ್ತದೆ. ಯಂತ್ರಕ್ಕೆ ಹೋದದ್ದು 20,000, ವಾರ್ಡಿಗೆ ಮುಟ್ಟಿದ್ದು 18,500 ಆಗಿದ್ದರೆ ನಡುವಿನ 1,500 ಕಿಲೋ ಮತ್ತೆ ಒಗೆದದ್ದು. ಪ್ರತಿ ಕಿಲೋಗೆ ಸೋಪು 4, ಇಂಧನ 5, ಕರೆಂಟು ನೀರು 2, ಒಟ್ಟು 11 ರೂಪಾಯಿಯಂತೆ 16,500 ರೂಪಾಯಿಯನ್ನು ನಾವೇ ಬಜೆಟ್ಟಿಗೆ ಸೇರಿಸಿ ಕೊಟ್ಟಂತಾಗುತ್ತದೆ. 18,500ಕ್ಕೆ ಸರಿಯಾದ ಬಜೆಟ್ 4,44,500. ಆಗ ಅದೇ 4,48,000ದ ಖರ್ಚು 13,000 ಉಳಿತಾಯವಲ್ಲ, 3,500 ಹೆಚ್ಚುವರಿ. ಕೆಟ್ಟದಾಗಿ ಒಗೆದಷ್ಟೂ ಬಜೆಟ್ ಬೆಳೆಯುವ ವ್ಯವಸ್ಥೆ ಅದು. ಸಹಜವಾದ ಒಂದಿಷ್ಟು ಮರುತೊಳೆತ ಎಲ್ಲ ಲಾಂಡ್ರಿಯಲ್ಲೂ ಇರುತ್ತದೆ, ಅದನ್ನು ಕಿಲೋ ದರದಲ್ಲೇ ಸೇರಿಸಿರಬೇಕು. ಅದಕ್ಕೆ ಮೀರಿದ್ದು ಹೊರಗೆ ಕಾಣಬೇಕು. ಹೊಲಿಗೆ ವಿಭಾಗವಾದರೆ ಪಾಸಾದ ಅಂಗಿಗಳನ್ನು ಎಣಿಸಿ, ದುಡಿದ ಗಂಟೆಗಳನ್ನಲ್ಲ. ಬಜೆಟ್ಟನ್ನು ಹಿಗ್ಗಿಸಬೇಕಾದದ್ದು ವಿಭಾಗದಿಂದ ಹೊರಗೆ ಬಂದ ಒಳ್ಳೆಯ ಕೆಲಸದ ಮೇಲೆ.

ಒಂದು ಮಿತಿಯನ್ನೂ ಹೇಳಬೇಕು. ಬಾಯ್ಲರಿನ 15,000, ಸಂಬಳದ 1,60,000 ಇವು ಯಾವ ಕಾಲಕ್ಕೂ ಕದಲದ ಅಂಕಿಗಳಲ್ಲ. ನಮ್ಮ ಅನುಭವ 11,000ದಿಂದ 20,000 ಕಿಲೋವರೆಗಿನದು. ಆಸ್ಪತ್ರೆ ಹೊಸ ಬ್ಲಾಕ್ ಕಟ್ಟಿ 35,000 ಕಿಲೋ ಬರತೊಡಗಿದರೆ ಹೊಸ ಯಂತ್ರ, ಎರಡನೆಯ ಬಾಯ್ಲರು, ಇನ್ನೊಂದು ಪಾಳಿ ಬೇಕಾಗುತ್ತದೆ. ಹಳೆಯ ಸೂತ್ರವನ್ನು ಅಲ್ಲಿಗೆ ಎಳೆಯಬಾರದು, ಹೊಸದಾಗಿ ಕಟ್ಟಬೇಕು.

ಹಾಗೆಂದು ಸ್ಟ್ಯಾಟಿಕ್ ಬಜೆಟ್ ಕಸದ ಬುಟ್ಟಿಗೆ ಹೋಗಬೇಕಾದದ್ದಲ್ಲ. ವರ್ಷಕ್ಕೆ ಎಷ್ಟು ಹಣ ಹೊಂದಿಸಬೇಕು, ರೋಗಿಗೆ ಹಾಸಿಗೆಯ ದರ ಎಷ್ಟು ಇಡಬೇಕು ಎಂದು ಮುಂಚಿತವಾಗಿ ತೀರ್ಮಾನಿಸಲು ಅದೇ ಬೇಕು. ವಿಭಾಗದ ಕೆಲಸ ಏರಿಳಿಯದ ಕಡೆ, ಉದಾಹರಣೆಗೆ ಸೆಕ್ಯುರಿಟಿಯಲ್ಲಿ, ಎರಡರ ನಡುವೆ ವ್ಯತ್ಯಾಸವೇ ಇರುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಶಾಸನಸಭೆ ಒಪ್ಪಿದ ಮೊತ್ತ ಖರ್ಚಿನ ಮಿತಿಯೂ ಹೌದು. ಅದಕ್ಕೆ ಮೀರಬೇಕಾದರೆ ಪೂರಕ ಅಂದಾಜು ಮಂಡಿಸಿ ಒಪ್ಪಿಗೆ ಪಡೆಯಬೇಕು, ರೋಗಿಗಳು ಹೆಚ್ಚು ಬಂದರೆಂದು ತಾನಾಗಿ ಹಿಗ್ಗುವುದಿಲ್ಲ. ಆದರೆ ಖರ್ಚು ಮಾಡಲು ಅನುಮತಿ ಎಷ್ಟು ಎನ್ನುವುದು ಒಂದು ಪ್ರಶ್ನೆ, ಆ ವಿಭಾಗ ಚೆನ್ನಾಗಿ ದುಡಿಯಿತೇ ಎನ್ನುವುದು ಇನ್ನೊಂದು. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಬಳಸಿದ್ದೇ ನಾವು ಮಾಡಿದ ತಪ್ಪು.

ಆ ನೋಟಿಸನ್ನು ಮುಂದಿನ ತಿಂಗಳು ವಾಪಸು ಪಡೆದರು. ಲಾಂಡ್ರಿಯ ಹಾಳೆಗೆ ಎರಡು ಕಾಲಂ ಸೇರಿದವು: ಕೊಟ್ಟ ಶುಭ್ರ ಬಟ್ಟೆಯ ಕಿಲೋ, ಆ ಕಿಲೋಗೆ ಆಗಬೇಕಿದ್ದ ಖರ್ಚು. ನೀವು ಯಾವುದೇ ಕಾರ್ಖಾನೆಯಲ್ಲಿ, ಹಾಸ್ಟೆಲಿನಲ್ಲಿ, ಹೋಟೆಲಿನಲ್ಲಿ ಒಂದು ವಿಭಾಗದ ಖರ್ಚಿನ ಹಾಳೆಗೆ ಸಹಿ ಹಾಕುವವರಾಗಿದ್ದರೆ, ಆ ಹಾಳೆಯಲ್ಲಿ ಕೆಲಸದ ಪ್ರಮಾಣ ಬರೆದಿದೆಯೇ ನೋಡಿ. ಬರೆದಿಲ್ಲವಾದರೆ ಅದರ ಆಧಾರದ ಮೇಲೆ ದಯವಿಟ್ಟು ಯಾರಿಗೂ ನೋಟಿಸ್ ಕೊಡಬೇಡಿ.